ವಿವರಣೆ ಇಲ್ಲದ ಎರಡು ಪರ್ಸೆಂಟು

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಹೋಗುವ ರಸ್ತೆಯಲ್ಲಿರುವ ಒಂದು ಕಾಯಿಪುಡಿ ಫ್ಯಾಕ್ಟರಿಯಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಬರೆದೆ. ಬಿಸ್ಕತ್ತು, ಮಿಠಾಯಿ ಮಾಡುವವರಿಗೆ ತೆಂಗಿನಕಾಯಿ ತುರಿದು, ಒಣಗಿಸಿ, ಚೀಲ ತುಂಬಿ ಕಳಿಸುವ ಫ್ಯಾಕ್ಟರಿ ಅದು. ಅಲ್ಲಿ ನನ್ನಿಂದಾಗಿ ಒಬ್ಬ ಹೆಣ್ಣುಮಗಳು ಕೆಲಸ ಕಳೆದುಕೊಂಡಳು. ಅದು ಅವಳ ತಪ್ಪಿನಿಂದ ಅಲ್ಲ, ನನ್ನ ತಪ್ಪಿನಿಂದ ಎಂದು ನನಗೆ ಅವತ್ತೇ ಗೊತ್ತಿತ್ತು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ತೋಟಕ್ಕೆ ಹೆಸರಿರುತ್ತದೆ. ಕೆರೆ ಹಿಂದಿನ ತೋಟ, ಶಾನುಭೋಗರ ತೋಟ, ಹುಣಸೆಮರದ ತೋಟ. ಲೋಡು ಬಂದಾಗ ತಂದವರು ಯಾರು ಎಂದು ಯಾರೂ ಕೇಳುವುದಿಲ್ಲ, ಯಾವ ತೋಟದ ಕಾಯಿ ಎಂದು ಕೇಳುತ್ತಾರೆ. ತೋಟ ಗೊತ್ತಾದರೆ ಕಾಯಿಯ ದಪ್ಪ, ತಿರುಳು, ನೀರು ಎಲ್ಲ ಗೊತ್ತಾದ ಹಾಗೆ. ನಾನೂ ರಸೀದಿಯನ್ನು ತೋಟದ ಯಜಮಾನರ ಹೆಸರಿಗೇ ಬರೆಯುತ್ತಿದ್ದೆ. ನನಗಿಂತ ಮುಂಚೆ ಇದ್ದವರೂ ಹಾಗೇ ಬರೆದಿದ್ದರು.

ಒಂದು ವರ್ಷ ಕೊಬ್ಬರಿಗೆ ಒಳ್ಳೆಯ ಬೆಲೆ ಬಂತು. ರೈತರು ಹಸಿ ಕಾಯಿ ಮಾರದೆ, ಒಣಗಿ ಕೊಬ್ಬರಿಯಾಗಲಿ ಎಂದು ಅಟ್ಟಕ್ಕೆ ಹಾಕಿಕೊಂಡರು. ನಮಗೆ ಕಾಯಿ ಸಾಲದೆ, ತೋಟಗಳ ಫಸಲನ್ನು ಗುತ್ತಿಗೆ ಹಿಡಿದಿದ್ದ ಒಬ್ಬನಿಂದ ಕೊಂಡೆವು. ಅರಳಗುಪ್ಪೆ ಕಡೆಯದು, ಕೆಂಕೆರೆ ಕಡೆಯದು ಎಂದು ಐದಾರು ತೋಟಗಳ ಕಾಯನ್ನು ಅವನೇ ತಂದು ಸುರಿದ. ನಗದು ಬೇಕು ಎಂದ. ಕೊಟ್ಟೆವು.

"ಯಾರ ಹೆಸ್ರಿಗಪ್ಪಾ ಬರೀಲಿ?" ಎಂದು ಕೇಳಿದ್ದೆ.

"ತೋಟದೋರ ಹೆಸ್ರಿಗೇ ಬರ್ಕಳಿ ಸ್ವಾಮಿ. ನನ್ ಹೆಸ್ರು ಹಾಕುದ್ರೆ ಕಾಯಿ ಏನ್ ಸಿಹಿ ಆಗ್ತದಾ?" ಎಂದು ನಕ್ಕು, ಎಲ್ಲ ರಸೀದಿಗೂ ತಾನೇ ಸಹಿ ಹಾಕಿ ಹೋದ.

ಇದರಲ್ಲಿ ತಪ್ಪಿದೆ ಎಂದು ಆಗ ನನಗೆ ನಿಜವಾಗಿಯೂ ಹೊಳೆದಿರಲಿಲ್ಲ. ವ್ಯಾಪಾರದ ಖರ್ಚಿಗಾಗಿ ಒಬ್ಬನಿಗೆ ಒಂದೇ ದಿನ ಹತ್ತು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆಯವರು ಆ ಖರ್ಚನ್ನು ಒಪ್ಪುವುದಿಲ್ಲ. ಬೆಳೆದ ರೈತನಿಗೆ ಅವನ ಫಸಲಿನ ಬಾಬ್ತು ಕೊಟ್ಟರೆ ಮಾತ್ರ ವಿನಾಯಿತಿ ಇದೆ. ಗುತ್ತಿಗೆದಾರ ಬೆಳೆದವನಲ್ಲ. ಆ ವರ್ಷದ ಲೆಕ್ಕಪತ್ರಕ್ಕೆ ಬೇಸಿಗೆಯಲ್ಲಿ ಸಹಿ ಆಗಿ ನಾಲ್ಕು ತಿಂಗಳಾದ ಮೇಲೆ, ಸೆಪ್ಟೆಂಬರಿನ ತೆರಿಗೆ ತಪಾಸಣೆಯಲ್ಲಿ, ತುಮಕೂರಿನ ನಮ್ಮ ತೆರಿಗೆ ಸಲಹೆಗಾರರು ರಸೀದಿಗಳನ್ನು ಸಾಲಾಗಿ ಇಟ್ಟು ನೋಡಿದರು. ಐದು ಹೆಸರು, ಒಂದೇ ಸಹಿ. ಇಪ್ಪತ್ತೈದು ಲಕ್ಷದ ಖರೀದಿಯನ್ನು ಒಪ್ಪುವಂತಿಲ್ಲ ಎಂದು ತೆಗೆದು ಹಾಕಿದರು. ಅದರ ಮೇಲೆ ಆರು ಲಕ್ಷ ಇಪ್ಪತ್ತೊಂಬತ್ತು ಸಾವಿರ ತೆರಿಗೆ ಹೆಚ್ಚಾಯಿತು. ಅಕ್ಟೋಬರಿನಲ್ಲಿ ಕಟ್ಟಿದೆವು.

ಅಷ್ಟು ಹೊತ್ತಿಗೆ ಫ್ಯಾಕ್ಟರಿ ಕೈ ಬದಲಾಗಿತ್ತು. ಷೇರು ಪೇಟೆಯಲ್ಲಿರುವ ಒಂದು ದೊಡ್ಡ ಕಂಪನಿ ಆ ಏಪ್ರಿಲ್‌ನಲ್ಲಿ ನಮ್ಮನ್ನು ಕೊಂಡುಕೊಂಡಿತ್ತು. ಅವರು ಬಂದ ದಿನವೇ ನಗದು ವ್ಯವಹಾರ ನಿಲ್ಲಿಸಿದರು. ಯಾರು ಇರಬೇಕು, ಯಾರು ಹೋಗಬೇಕು ಎಂಬ ಪಟ್ಟಿ ಬೆಂಗಳೂರಿನಲ್ಲಿ ತಯಾರಾಗುತ್ತಿದೆ ಎಂದು ಕ್ಯಾಂಟೀನಿನಲ್ಲಿ ದಿನಾ ಮಾತು. ನನ್ನ ನಿವೃತ್ತಿಗೆ ಒಂದೂವರೆ ವರ್ಷ ಇತ್ತು. ಕಟ್ಟಿದ ಆ ತೆರಿಗೆಯನ್ನು 'ಹಿಂದಿನ ವರ್ಷದ ತೆರಿಗೆ' ಎಂದು ಬೇರೆ ಸಾಲಿನಲ್ಲಿ ತೋರಿಸಬೇಕಿತ್ತು. ತೋರಿಸಿದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ರಸೀದಿ ಬರೆದವನು ನಾನು. ಮುಂಗಡ ತೆರಿಗೆಯ ಖಾತೆಯಲ್ಲಿ 'ಕಂತು' ಎಂದಷ್ಟೇ ಬರೆದು ಸುಮ್ಮನಾದೆ.

ಡಿಸೆಂಬರಿನಲ್ಲಿ ಅವಳು ಬಂದಳು. ತುರುವೇಕೆರೆ ಕಡೆಯ ಹುಡುಗಿ, ಇಪ್ಪತ್ತಾರು ವರ್ಷ. ಸಿಎ ಇಂಟರ್ ಮುಗಿಸಿ ಕೊನೆಯ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಳು. ಆರು ತಿಂಗಳ ಪ್ರೊಬೇಷನ್ನಿನ ಮೇಲೆ ಅಕೌಂಟ್ಸ್ ಆಫೀಸರ್ ಆಗಿ ಹಾಕಿದ್ದರು, ಅಂದರೆ ನನ್ನ ಮೇಲೆ. ಮೊದಲ ದಿನ ನನ್ನ ಮೇಜಿನ ಹತ್ತಿರ ಬಂದು, "ಯಜಮಾನ್ರೇ, ನೀವು ಇಲ್ಲಿ ಸೇರ್ದಾಗ ನಾನು ಹುಟ್ಟೇ ಇರ್ಲಿಲ್ಲ. ತಪ್ಪು ಮಾಡುದ್ರೆ ಬೈದು ಹೇಳ್ಕೊಡಿ" ಎಂದಳು. ನನಗೆ ಅದು ಸಂತೋಷ ಕೊಡಬೇಕಿತ್ತು. ಕೊಡಲಿಲ್ಲ. ನನ್ನ ಇಷ್ಟು ವರ್ಷದ ಸರ್ವಿಸಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ ಎನ್ನಿಸಿತು. ಆಮೇಲೆ ಮಾಡಿದ್ದನ್ನೆಲ್ಲ ಹೆದರಿಕೆಯಿಂದ ಮಾತ್ರ ಮಾಡಿದೆ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚೂ ಇತ್ತು.

ಮಾರ್ಚ್ ಕಳೆದು ವರ್ಷದ ಲೆಕ್ಕ ಮುಗಿಸುವ ಕಾಲ ಬಂತು. ಈಗ ನಾವು ದೊಡ್ಡ ಕಂಪನಿಯ ಅಂಗವಾಗಿದ್ದರಿಂದ ಅವರ ಪದ್ಧತಿಯ ಲೆಕ್ಕ. ಅದರಲ್ಲಿ ಆದಾಯ ತೆರಿಗೆಯ ಟಿಪ್ಪಣಿ ಎಂದು ಒಂದು ಪುಟ. ನಮಗೆ ಅದು ಹೊಸದು. ಅವಳು ಒಂದು ಹಾಳೆಯಲ್ಲಿ ಗೆರೆ ಎಳೆದು ನನಗೆ ತಿಳಿಸಿ ಹೇಳಿದಳು.

"ನೋಡಿ ಯಜಮಾನ್ರೇ, ನಮ್ ಲಾಭ ಮೂರು ಕೋಟಿ ಇಪ್ಪತ್ತು ಲಕ್ಷ. ಸರ್ಚಾರ್ಜು, ಸೆಸ್ಸು ಎಲ್ಲ ಸೇರಿ ಕಾನೂನಿನ ದರ ಇಪ್ಪತ್ತೈದು ಪಾಯಿಂಟ್ ಒಂದು ಏಳು. ಆ ಲೆಕ್ಕದಲ್ಲಿ ಎಂಬತ್ತು ಲಕ್ಷದ ಐವತ್ನಾಲ್ಕು ಸಾವಿರ ತೆರಿಗೆ ಆಗ್ಬೇಕು. ಆದ್ರೆ ಪುಸ್ತಕದಲ್ಲಿ ಇರೋದು ಎಂಬತ್ತೆಂಟು ಲಕ್ಷದ ಒಂಬತ್ತು ಸಾವಿರ. ಅಂದ್ರೆ ನಮ್ಗೆ ನಿಜವಾಗಿ ಬಿದ್ದಿರೋ ದರ ಇಪ್ಪತ್ತೇಳು ಪಾಯಿಂಟ್ ಐದು ಮೂರು. ಈ ಎರಡರ ಮಧ್ಯ ಇರೋ ವ್ಯತ್ಯಾಸ ಯಾಕೆ ಬಂತು ಅಂತ ಸಾಲು ಸಾಲಾಗಿ ಬರ್ದು ಕೂಡಿಸ್ಬೇಕು. ಅಷ್ಟೇ."

"ಗ್ರಾಚ್ಯುಟಿ ಬಾಕಿ ಇದೆಯಲ್ಲಮ್ಮ, ಅದನ್ನ ತೆರಿಗೆಯೋರು ಈಗ ಒಪ್ಪಲ್ವಲ್ಲ."

"ಅದು ಇಲ್ಲಿ ಬರಲ್ಲ. ಈ ವರ್ಷ ಒಪ್ದಿದ್ರೂ ಕೊಟ್ಟಾಗ ಒಪ್ತಾರೆ. ಇವತ್ತು ಜಾಸ್ತಿ ಕಟ್ಟಿದ್ದು ಮುಂದೆ ಕಮ್ಮಿ ಆಗುತ್ತೆ, ಅದಕ್ಕೇ ಡೆಫರ್ಡ್ ಟ್ಯಾಕ್ಸ್ ಅಂತ ಎತ್ತಿಡ್ತೀವಿ. ಅಲ್ಲಿಗೆ ಸಮ ಆಯ್ತು. ಯಾವತ್ತೂ ವಾಪಸ್ ಬರ್ದೇ ಇರೋ ಖರ್ಚು ಮಾತ್ರ ದರ ಏರ್ಸುತ್ತೆ. ಶಾಲೆ ಕಟ್ಟಡಕ್ಕೆ ಕೊಟ್ಟ ದೇಣಿಗೆ, ದಂಡ, ಅಂಥವು. ಇಲ್ಲಾ ಹಿಂದಿನ ವರ್ಷದ್ದೇನಾದ್ರೂ ಈ ವರ್ಷ ಬಿದ್ದಿದ್ರೆ."

ಕೊನೆಯ ಮಾತು ಹೇಳಿ ನನ್ನ ಮುಖ ನೋಡಿದಳು. ಅನುಮಾನದಿಂದ ನೋಡಿದ್ದಲ್ಲ, ಅರ್ಥ ಆಯಿತೇ ಎಂದು ನೋಡಿದ್ದು. ನಾನು ತಲೆಯಾಡಿಸಿದೆ.

ದೇಣಿಗೆ, ದಂಡ ಎಲ್ಲ ಸೇರಿ ಒಂದು ಲಕ್ಷ ಇಪ್ಪತ್ತಾರು ಸಾವಿರ ತೆರಿಗೆ ಆಯಿತು. ಉಳಿದದ್ದು ಆರು ಲಕ್ಷ ಇಪ್ಪತ್ತೊಂಬತ್ತು ಸಾವಿರ. ದರದ ಲೆಕ್ಕದಲ್ಲಿ ಎರಡು ಪರ್ಸೆಂಟಿಗೆ ಚೂರು ಕಡಿಮೆ. ಅದಕ್ಕೆ ಅವಳ ಹತ್ತಿರ ಸಾಲು ಇರಲಿಲ್ಲ. ನನ್ನ ಹತ್ತಿರ ಇತ್ತು.

ನಾನು ಮಾಡಿದ್ದು ಇಷ್ಟು. ಆ ವರ್ಷದ ತೆರಿಗೆ ಲೆಕ್ಕದ ಹಾಳೆ ತಯಾರಿಸಿದವನು ನಾನೇ. ಬಾಕಿ ಗ್ರಾಚ್ಯುಟಿ ಮತ್ತು ಬೋನಸ್ಸು ನಿಜವಾಗಿ ಹದಿನೈದು ಲಕ್ಷ ಏರಿತ್ತು. ತೆರಿಗೆಯವರು ಒಪ್ಪದ ಆ ಬಾಕಿ ಹೆಚ್ಚಾದಷ್ಟೂ ಈ ವರ್ಷದ ತೆರಿಗೆ ಹೆಚ್ಚಾಗುತ್ತದೆ ಎಂದು, ಹಾಳೆಯಲ್ಲಿ ನಲವತ್ತು ಎಂದು ಬರೆದೆ. ಆ ಇಪ್ಪತ್ತೈದು ಲಕ್ಷದ ಹೆಚ್ಚಿನಿಂದ ಬರುವ ತೆರಿಗೆ, ಅಕ್ಟೋಬರಿನಲ್ಲಿ ಕಟ್ಟಿದ ಮೊತ್ತಕ್ಕೆ ಸರಿಯಾಗಿ ಕೂತುಕೊಂಡಿತು. ಹಿಂದಿನ ವರ್ಷದ ತೆರಿಗೆ ಈ ವರ್ಷದ ತೆರಿಗೆಯ ವೇಷ ಹಾಕಿಕೊಂಡಿತು. ಇದೇ ಪುಟದಲ್ಲಿ ಅದು ಎದ್ದು ಕಾಣುತ್ತದೆ ಎಂದು ಮಾತ್ರ ನನಗೆ ತಿಳಿದಿರಲಿಲ್ಲ. ದಡ್ಡನ ಜಾಣತನ.

ಮಾರನೆಯ ದಿನ ಅವಳು ಹಾಳೆ ಹಿಡಿದು ಬಂದಳು. "ಪುಸ್ತಕದಲ್ಲಿ ಗ್ರಾಚ್ಯುಟಿ, ಬೋನಸ್ಸು ಏರಿರೋದು ಹದಿನೈದು. ನಿಮ್ ಹಾಳೇಲಿ ನಲವತ್ತು. ಇದ್ಯಾಕೆ ಯಜಮಾನ್ರೇ?"

ಆಗ ಹೇಳಬಹುದಿತ್ತು. ಅವಳೊಬ್ಬಳೇ ಇದ್ದಳು, ಮಧ್ಯಾಹ್ನದ ಹೊತ್ತು, ಹೊರಗೆ ಹೆಂಗಸರು ಕಾಯಿಯ ಕಂದು ಸಿಪ್ಪೆ ಹೆರೆಯುವ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ನಾನು ಹೇಳಿದ್ದು ಹೀಗೆ: "ಹಳೇ ಯಜಮಾನ್ರ ಕಾಲದ ಗ್ರಾಚ್ಯುಟಿ ಲೆಕ್ಕ ಸರಿ ಇರ್ಲಿಲ್ಲ ಕಣಮ್ಮ. ನನ್ ಹಾಳೆ ಸರಿ ಇದೆ. ನೀನು ಹೊಸ ಪದ್ಧತಿಗೆ ತರುವಾಗ ಆರಂಭದ ಬಾಕಿ ಕಟ್ಟಿದ್ಯಲ್ಲ, ಅಲ್ಲೇ ಏನೋ ಬಿಟ್ಟೋಗಿರ್ಬೇಕು."

ಆರಂಭದ ಬಾಕಿ, ಅಂದರೆ ವರ್ಷದ ಮೊದಲ ದಿನ ಯಾವ ಬಾಕಿ ಎಷ್ಟಿತ್ತು ಎಂಬ ಲೆಕ್ಕ, ಅವಳು ಬಂದ ಮೇಲೆ ಮಾಡಿದ ಮೊದಲ ದೊಡ್ಡ ಕೆಲಸ. ಬೇಕೆಂದೇ ಅದನ್ನು ತೋರಿಸಿದೆ.

ಅವಳು ನಂಬಿದಳು. ನೂರ ಮೂವತ್ತು ಕೆಲಸಗಾರರ ಸರ್ವಿಸ್ ಪುಸ್ತಕಗಳನ್ನು ಬೀರುವಿನಿಂದ ಇಳಿಸಿಕೊಂಡಳು. ಸೇರಿದ ತಾರೀಕು ಅನುಮಾನ ಬಂದಲ್ಲೆಲ್ಲ ಸಿಪ್ಪೆ ಹೆರೆಯುವ ಶೆಡ್ಡಿಗೇ ಹೋಗಿ ಕೇಳಿಕೊಂಡು ಬರುತ್ತಿದ್ದಳು. ಒಬ್ಬ ಹಿರಿಯ ಹೆಂಗಸು, "ನಾನ್ ಸೇರಿದ್ದು ನಮ್ ಎಮ್ಮೆ ಎರಡನೇ ಕರು ಹಾಕ್ದಾಗ ಕಣವ್ವಾ, ತಾರೀಕು ಎಮ್ಮೇನೇ ಕೇಳ್ಬೇಕು" ಎಂದು ಶೆಡ್ಡನ್ನೆಲ್ಲ ನಗಿಸಿದಳಂತೆ. ಹುಡುಗಿಯೂ ನಗುತ್ತಲೇ ಬಂದು ನನಗೆ ಹೇಳಿದಳು. ಬಂದು ಕೂತು ಮತ್ತೆ ಕೂಡಿಸಿದಳು. ಮತ್ತೆ ಅದೇ ಆರು ಇಪ್ಪತ್ತೊಂಬತ್ತು.

ಮೂರನೆಯ ದಿನ ಮುಂಗಡ ತೆರಿಗೆಯ ಖಾತೆ ತೆಗೆದು, "ಕಂತು ಕಟ್ಟೋದು ಜೂನು, ಸೆಪ್ಟೆಂಬರು, ಡಿಸೆಂಬರು, ಮಾರ್ಚಿ ಅಲ್ವಾ? ಅಕ್ಟೋಬರಲ್ಲಿ ಇದ್ಯಾವ ಕಂತು?" ಎಂದಳು.

"ಸೆಪ್ಟೆಂಬರಲ್ಲಿ ದುಡ್ಡು ಸಾಲ್ದೇ ಕಮ್ಮಿ ಕಟ್ಟಿದ್ವಿ. ಮಿಕ್ಕಿದ್ದು ಆಮೇಲೆ ಕಟ್ಟಿದ್ದು."

"ಚಲನ್ ಇದ್ಯಾ?"

"ತುಮಕೂರಿನೋರ ಹತ್ರ ಇದೆ. ಫೋನ್ ಮಾಡಿ ಕೇಳ್ದೆ, ಅವ್ರೂ ಅದನ್ನೇ ಹೇಳಿದ್ರು."

ಚಲನ್ ನನ್ನ ಡ್ರಾಯರಿನಲ್ಲಿತ್ತು. ಯಾವ ವರ್ಷದ ತೆರಿಗೆ ಎಂದು ಅದರ ನೆತ್ತಿಯ ಮೇಲೇ ಅಚ್ಚಾಗಿರುತ್ತದೆ. ನಾನು ಯಾರಿಗೂ ಫೋನ್ ಮಾಡಿರಲಿಲ್ಲ.

ಬೆಂಗಳೂರಿಗೆ ಲೆಕ್ಕ ಕಳಿಸುವ ಗಡುವು ಬಂತು. ಆಗಲೂ ನಾನು ಒಂದು ಉಪಾಯ ಹೇಳಿದೆ. "ಇತರೆ ಅಂತ ಒಂದು ಸಾಲು ಹಾಕಿ ಕಳ್ಸಿಬುಡಮ್ಮ. ಯಾರು ನೋಡ್ತಾರೆ?"

"ಇತರೆ ಅಂದ್ರೆ ಹತ್ತು ಸಾವಿರನೋ ಇಪ್ಪತ್ತೋ ಇರ್ಬೇಕು ಯಜಮಾನ್ರೇ. ವ್ಯತ್ಯಾಸ ಇರೋದೇ ಏಳೂವರೆ ಲಕ್ಷ, ಅದ್ರಲ್ಲಿ ಆರೂ ಕಾಲು ಇತರೆ ಅಂದ್ರೆ, ಗೊತ್ತಿಲ್ಲ ಅಂತ ಇಂಗ್ಲಿಷಲ್ಲಿ ಬರ್ದಂಗೆ."

ಅವಳು ಹಾಕಲಿಲ್ಲ. ಆ ಸಾಲು ಖಾಲಿ ಬಿಟ್ಟು, ಕಾರಣ ಹುಡುಕುತ್ತಿದ್ದೇನೆ ಎಂದು ಬರೆದು, ಎರಡು ದಿನ ತಡವಾಗಿ ಕಳಿಸಿದಳು. ಮರುದಿನ ಬೆಂಗಳೂರಿನ ಹಣಕಾಸು ಮುಖ್ಯಸ್ಥರು ಕಂಪ್ಯೂಟರಿನ ಪರದೆ ಮೇಲೆ ಬಂದರು. ಪಕ್ಕದ ಕುರ್ಚಿಯಲ್ಲಿ ನಾನೂ ಕೂತಿದ್ದೆ. ಬೇರೆ ಎಲ್ಲ ಅಂಗ ಕಂಪನಿಗಳ ಲೆಕ್ಕ ಬಂದಿದೆ, ನಿಮ್ಮದೊಂದೇ ಉಳಿದಿದೆ ಎಂದರು. ಎಲ್ಲಿ ತಪ್ಪಾಗಿದೆ ಎಂದು ಕೇಳಿದರು.

"ಸರ್, ನನ್ನ ಡೆಫರ್ಡ್ ಟ್ಯಾಕ್ಸ್ ಆರಂಭದ ಬಾಕಿಯಲ್ಲೇ ತಪ್ಪಿರಬೇಕು. ನನಗೆ ಇನ್ನೂ ಸಿಕ್ಕಿಲ್ಲ" ಎಂದಳು.

ಅವರು ನನ್ನ ಕಡೆ ತಿರುಗಿ, "ನಿಮಗೇನಾದರೂ ಗೊತ್ತಾ?" ಎಂದರು.

"ಈ ಹೊಸ ಪದ್ಧತಿ ನನಗೆ ತಿಳಿಯಲ್ಲ ಸಾರ್" ಎಂದೆ. ಅವಳು ನನ್ನ ಪರವಾಗಿ, "ಅವ್ರ ಹಾಳೆ ಸರಿ ಇದೆ ಸರ್, ಅವ್ರದ್ದೇನೂ ಇಲ್ಲ" ಎಂದಳು.

ಹತ್ತು ದಿನದಲ್ಲಿ ಪತ್ರ ಬಂತು. ಪ್ರೊಬೇಷನ್ ಅವಧಿಯ ಕೆಲಸ ತೃಪ್ತಿಕರವಾಗಿಲ್ಲ, ಕಾಯಂ ಮಾಡಲಾಗುವುದಿಲ್ಲ. ಅವಳು ಅಳಲಿಲ್ಲ. ಸರ್ವಿಸ್ ಪುಸ್ತಕಗಳನ್ನೆಲ್ಲ ಮತ್ತೆ ಬೀರುವಿಗೆ ನಂಬರಿನ ಪ್ರಕಾರ ಜೋಡಿಸಿಟ್ಟು, ಬೀಗದ ಕೈ ನನಗೆ ಕೊಟ್ಟು, "ಸಿಕ್ಕಿದ್ರೆ ಒಂದು ಮೆಸೇಜ್ ಹಾಕಿ ಯಜಮಾನ್ರೇ. ತಪ್ಪು ಎಲ್ಲಿತ್ತು ಅಂತ ತಿಳ್ಕಬೇಕು" ಎಂದು ಹೇಳಿ ಹೋದಳು.

ಮುಂದಿನ ವಾರ ಆಡಿಟರ್ ಕಡೆಯವನೊಬ್ಬ ಬಂದ. ಕಾಫಿ ತಣ್ಣಗಾಗುವ ಮೊದಲೇ ತೆರಿಗೆ ಇಲಾಖೆಯ ಜಾಲತಾಣದಿಂದ ಹಿಂದಿನ ವರ್ಷದ ರಿಟರ್ನ್ ತೆಗೆಸಿಕೊಂಡ. ಅಕ್ಟೋಬರಿನ ಚಲನ್ ಕೇಳಿದ. ಇನ್ನು ಬಚ್ಚಿಡಲು ಆಗುವುದಿಲ್ಲ ಎಂದು ಡ್ರಾಯರಿನಿಂದ ತೆಗೆದು ಕೊಟ್ಟೆ.

"ಇದು ಹಿಂದಿನ ವರ್ಷದ್ದಲ್ವಾ?"

"ಹೌದು ಸಾರ್, ಹಿಂದಿನ ವರ್ಷದ್ದೇ."

"ಮತ್ತೆ ಈ ಗ್ರಾಚ್ಯುಟಿ ನಲವತ್ತು?"

"ಅದು ಕೈತಪ್ಪು ಸಾರ್. ಹದಿನೈದಾಗ್ಬೇಕು."

ಎರಡು ಅಂಕಿ ಬದಲಾಯಿಸಿದ. 'ಹಿಂದಿನ ವರ್ಷಗಳಿಗೆ ಸಂಬಂಧಿಸಿದ ತೆರಿಗೆ' ಎಂದು ಒಂದು ಸಾಲು ಹಾಕಿದ. ಕೂಡಿತು. ಒಟ್ಟು ತೆರಿಗೆ ಒಂದು ರೂಪಾಯಿಯೂ ಬದಲಾಗಲಿಲ್ಲ. ಅವತ್ತು ಸಂಜೆ ಬೆಂಗಳೂರಿನ ಮುಖ್ಯಸ್ಥರೇ ಫೋನ್ ಮಾಡಿ, ಹಳಬರು ಇದ್ದರೆ ಇದೇ ಅನುಕೂಲ ಎಂದು ನನ್ನನ್ನು ಹೊಗಳಿದರು. ನಾನು ಥ್ಯಾಂಕ್ಸ್ ಹೇಳಿದೆ. ಅವಳಿಗೆ ಮೆಸೇಜ್ ಹಾಕಲಿಲ್ಲ.

ಯಾಕೆ ಹಾಕಲಿಲ್ಲ ಎಂಬುದನ್ನೂ ಬರೆಯಬೇಕು. ನನ್ನ ಗ್ರಾಚ್ಯುಟಿ ಕೈಗೆ ಬರಲಿ ಎಂದು ಕಾದೆ. ನಿವೃತ್ತಿಯಾದೆ, ಶಾಲು ಹೊದಿಸಿದರು, ದುಡ್ಡು ಬ್ಯಾಂಕಿಗೆ ಬಂತು. ಆಮೇಲೂ ಎರಡು ತಿಂಗಳು ಮನೆಯಲ್ಲಿ ಸುಮ್ಮನೆ ಕೂತೆ. ಒಂದು ದಿನ ನನ್ನ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕಾಯಿ ತುರಿಯುತ್ತಿದ್ದವಳು ಈಳಿಗೆಮಣೆಯಿಂದ ಏಳದೆಯೇ, "ನನ್ ಹತ್ರ ಯಾಕ್ ಹೇಳ್ತೀರಿ? ಕೆಲ್ಸ ಹೋಗಿದ್ದು ನಂದಾ?" ಎಂದಳು. ಮಾರನೆಯ ಬೆಳಿಗ್ಗೆ ಅವಳಿರುವ ಜಾಗ ವಿಚಾರಿಸಿಕೊಂಡು ತುರುವೇಕೆರೆ ಬಸ್ ಹತ್ತಿದೆ.

ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲೇ ಒಂದು ಗೊಬ್ಬರದ ಅಂಗಡಿ. ಅದರ ಮಹಡಿ ಮೇಲೆ ಅಂಗಡಿಗಳವರ ಜಿಎಸ್‌ಟಿ ಲೆಕ್ಕ ತುಂಬಿ ಕೊಡುವ ಸಣ್ಣ ಕೋಣೆ. ಅಲ್ಲಿ ಅವಳು ಕೂಲಿಗೆ ಕೆಲಸ ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, "ಬನ್ನಿ ಯಜಮಾನ್ರೇ, ಏನ್ ಇಷ್ಟು ದೂರ?" ಎಂದು ಕುರ್ಚಿ ಎಳೆದಳು. ಮೊದಲು ಎರಡು ಮಾತು ಬೇರೆ ಆಡಿದೆ. ಪರೀಕ್ಷೆ ಏನಾಯಿತು ಎಂದು ಕೇಳಿದೆ.

"ಬುಟ್ಬುಟ್ಟೆ. ಅಪ್ಪ ಇನ್ನೂ ಬೈತಾರೆ. ಒಂದು ಫ್ಯಾಕ್ಟರಿ ಟ್ಯಾಕ್ಸ್ ನೋಟ್ ಕೂಡ್ಸಕ್ಕಾಗ್ದೋಳು ಸಿಎ ಆಗಿ ಯಾರ್ ಲೆಕ್ಕಕ್ಕೆ ಸಹಿ ಹಾಕ್ಲಿ ಹೇಳಿ?" ಎಂದು ನಕ್ಕಳು.

ಅವಳ ಕೆಲಸ ಕಳೆದೆ ಎಂದಷ್ಟೇ ನಾನು ಅಲ್ಲಿಯವರೆಗೆ ತಿಳಿದುಕೊಂಡಿದ್ದೆ.

ಹೇಳಿದೆ. ತೋಟದ ಹೆಸರಿನ ರಸೀದಿ, ಗುತ್ತಿಗೆದಾರನ ಸಹಿ, ಇಪ್ಪತ್ತೈದು ಲಕ್ಷ, ಅಕ್ಟೋಬರು, ಡ್ರಾಯರಿನ ಚಲನ್, ನಲವತ್ತು ಎಂದು ಬರೆದದ್ದು, ಮಾಡದ ಫೋನು. ಹೇಳಿ ಮುಗಿಸಿದಾಗ ಮೇಜಿನ ಮೇಲಿದ್ದ ಬಿಲ್ಲೊಂದರ ಹಿಂದೆ ಪೆನ್ನಿನಲ್ಲಿ ಇಪ್ಪತ್ತೈದು ಲಕ್ಷ ಬರೆದು, ದರದಿಂದ ಗುಣಿಸಿದಳು. ಆರು ಲಕ್ಷ ಇಪ್ಪತ್ತೊಂಬತ್ತು ಸಾವಿರದ ಇನ್ನೂರು. ಅದರ ಕೆಳಗೆ ಎರಡು ಗೆರೆ ಎಳೆದಳು.

"ಹಂಗಾದ್ರೆ ನನ್ ಆರಂಭದ ಬಾಕಿ ಸರಿ ಇತ್ತು."

"ಸರಿ ಇತ್ತಮ್ಮ."

"ಮೊದಲ್ನೇ ಸಲ ಮಾಡಿದ್ದೇ ಸರಿ ಇತ್ತು."

"ಹೂಂ."

ಆಮೇಲೆ ಅವಳ ಕಣ್ಣು ತುಂಬಿತು. ನಾನು ಕೈ ಮುಗಿದೆ. "ಕೈ ಮುಗೀಬೇಡಿ" ಎಂದಳು. ಅಲ್ಲಿಂದಾಚೆಗೆ ನನ್ನನ್ನು ಯಜಮಾನ್ರೇ ಎನ್ನಲಿಲ್ಲ. ಒಂದು ಬಿಳಿ ಹಾಳೆ ನನ್ನ ಮುಂದಿಟ್ಟಳು. "ಈಗ ಹೇಳಿದ್ದನ್ನೇ ಬರೀರಿ. ಕನ್ನಡದಲ್ಲೇ ಬರೀರಿ. ಬೆಂಗಳೂರಿಗೆ ನಾನೇ ಕಳಿಸ್ತೀನಿ."

ಬರೆದೆ. ಗ್ರಾಚ್ಯುಟಿ ಬರಲಿ ಎಂದು ಕಾದದ್ದನ್ನು ಬಿಟ್ಟು ಬರೆದಿದ್ದೆ. ಅವಳು ಓದಿ, "ಇದು ನಡ್ದು ವರ್ಷದ ಮೇಲಾಯ್ತಲ್ಲ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಇಲ್ಲ" ಎಂದಳು. ಅದನ್ನೂ ಬರೆದು ಸಹಿ ಹಾಕಿದೆ.

ಕಂಪನಿಯವರು ನನ್ನನ್ನು ಏನೂ ಮಾಡಲಿಲ್ಲ. ಅವಳಿಗೆ ಕೊಟ್ಟಿದ್ದ ಪತ್ರ ವಾಪಸ್ ಪಡೆದು, ಕೆಲಸ ತೃಪ್ತಿಕರವಾಗಿತ್ತು ಎಂದು ಬೇರೆ ಪತ್ರ ಕೊಟ್ಟರಂತೆ. ಮತ್ತೆ ಬನ್ನಿ ಎಂದೂ ಕರೆದರಂತೆ. ಅವಳು ಹೋಗಲಿಲ್ಲ. ಇದನ್ನು ನನಗೆ ಹೇಳಿದ್ದು ಫ್ಯಾಕ್ಟರಿಯ ಗೇಟಿನವನು. ಅವಳು ಹೇಳಲಿಲ್ಲ. ಪರೀಕ್ಷೆಗೆ ಮತ್ತೆ ಕೂತಳೋ ಇಲ್ಲವೋ ನನಗೆ ಗೊತ್ತಿಲ್ಲ. ಫೋನ್ ನಂಬರ್ ಇದೆ. ಕೇಳಿ ತಿಳಿದು ಸಮಾಧಾನ ಪಟ್ಟುಕೊಳ್ಳೋಣ ಎಂದು ಎಷ್ಟೋ ಸಲ ತೆಗೆದಿದ್ದೇನೆ. ಆ ಸಮಾಧಾನವನ್ನು ಅವಳಿಂದ ಕೇಳಿ ಪಡೆಯುವ ಯೋಗ್ಯತೆ ನನಗಿಲ್ಲ ಎಂದು ಹಾಗೇ ಕೆಳಗಿಟ್ಟಿದ್ದೇನೆ.